ಸಿಂದಗಿಯ ಗೋಡೆಯಲ್ಲಿ ಕಳೆದುಹೋದ ಮಹಾಪ್ರಾಣ

ಮದುವೆಯ ವೇದಿಕೆ ಹಿಂದೆ ಇಪ್ಪತ್ತು ಅಡಿ ಅಗಲದ ಎಲ್‌ಇಡಿ ಗೋಡೆ. ಮೇಲ್ಗಡೆ ‘ಶ್ರೀ ಸಿದ್ಧೇಶ್ವರ ಪ್ರಸನ್ನ’ ಎಂದಿರಬೇಕಿತ್ತು, ‘ಸಿದ್ದೇಶ್ವರ’ ಎಂದು ಕಾಣುತ್ತಿತ್ತು. ಮದುಮಗನ ಸೋದರಮಾವ ಡಿಸೈನರನ ಮೇಲೆ ಹರಿಹಾಯ್ದರು. ಆತ ಲ್ಯಾಪ್‌ಟಾಪ್ ತೆರೆದು ತೋರಿಸಿದ: ಕಡತದಲ್ಲಿ ಒತ್ತಿನ ‘ಧ’ ತನ್ನ ಸೀಳಿನ ಸಮೇತ ಸರಿಯಾಗಿಯೇ ಇತ್ತು. ಗೋಡೆ ನಡೆಸುವ ಹುಡುಗ ಮಾತ್ರ ನಕ್ಕ. “4ಕೆ ಮಾಡ್ಕೊಂಡ ಬಂದಾರ್ರೀ. ನಮ್ಮ ಗ್ವಾಡ್ಯಾಗ ಅಡ್ಡ ಇರೂದ 1536 ಚುಕ್ಕಿ.”

ಆ ಲೆಕ್ಕವನ್ನು ನಾನು ಅಲ್ಲೇ ಕೂತು ಬಿಡಿಸಿದೆ. ಬಾಡಿಗೆ ಗೋಡೆಗಳಲ್ಲಿ ಹೆಚ್ಚಾಗಿ ಓಡುವುದು ಪಿ3.91. ಒಂದು ಚುಕ್ಕಿಯ ನಡುವಿನಿಂದ ಪಕ್ಕದ ಚುಕ್ಕಿಯ ನಡುವಿಗೆ 3.91 ಮಿಲಿಮೀಟರ್, ಇದೇ ಪಿಚ್. ಅರ್ಧ ಮೀಟರಿನ ಚೌಕ ಕ್ಯಾಬಿನೆಟ್ಟಿನಲ್ಲಿ ಅಡ್ಡ 128, ಉದ್ದ 128 ಚುಕ್ಕಿ. ಅಡ್ಡಲಾಗಿ 12, ಎತ್ತರಕ್ಕೆ 6 ಕ್ಯಾಬಿನೆಟ್ ಜೋಡಿಸಿದರೆ 6 ಮೀಟರ್ ಅಗಲ, 3 ಮೀಟರ್ ಎತ್ತರ, 1536×768 ಚುಕ್ಕಿ. ಅಷ್ಟೇ. 3840 ಚುಕ್ಕಿಯ 4ಕೆ ಕಡತವನ್ನು ಪ್ರೊಸೆಸರ್ ಎರಡೂವರೆ ಪಟ್ಟು ಕುಗ್ಗಿಸಿ ತುಂಬುತ್ತದೆ. ಕಡತದಲ್ಲಿ ಎರಡು ಚುಕ್ಕಿ ದಪ್ಪವಿದ್ದ ಸೀಳು ಗೋಡೆಗೆ ಬರುವಾಗ ಒಂದು ಚುಕ್ಕಿಯಷ್ಟೂ ಉಳಿಯದೆ ಸುತ್ತಲಿನ ಬಣ್ಣದಲ್ಲಿ ಕರಗುತ್ತದೆ.

ಇಂಗ್ಲಿಷಿನವರಿಗೆ ಈ ಕಾಟ ಕಮ್ಮಿ. ಏಳು ಸಾಲು ಚುಕ್ಕಿಯಲ್ಲಿ ಅವರ ದೊಡ್ಡಕ್ಷರ ಮುಗಿಯುತ್ತದೆ. ನಮಗೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ಜೊತೆಗೆ ಪ-ಷ, ದ-ಧ, ಬ-ಭ ಬೇರ್ಪಡಿಸುವ ಚೂರು ಗೀಟು. ಇಂಡಿ, ಮುದ್ದೇಬಿಹಾಳದಂಥ ಊರಿನ ಅಂಗಡಿ ಮುಂದೆ ಓಡುವ ಕೆಂಪಕ್ಷರದ ಪಿ10 ಬೋರ್ಡು ನೋಡಿ. ಅದರ ಒಂದು ಪಟ್ಟಿಗೆ ಎತ್ತರದಲ್ಲಿ 16 ಚುಕ್ಕಿ ಮಾತ್ರ. ಅದರೊಳಗೆ ‘ಲಕ್ಷ್ಮೀ’ ಬರೆಯಹೊರಟರೆ ಕೆಳಗಿನ ‘ಮ’ಕಾರ ಮುದ್ದೆಯಾಗುತ್ತದೆ. ಎರಡು ಪಟ್ಟಿ ಒಂದರ ಮೇಲೊಂದು ಕೂರಿಸಿದವರ ಬೋರ್ಡು ಓದಲು ಬರುತ್ತದೆ. ಅಂಥ ಅಂಗಡಿಯವರ ಮೇಲೆ ನನಗೆ ಸುಮ್ಮನೆ ಪ್ರೀತಿ.

ಹಾಗಾದರೆ ಗೋಡೆಯಲ್ಲೇ ಚುಕ್ಕಿ ಹೆಚ್ಚಿಸಬಾರದೇ ಎಂದರೆ, ಉತ್ತರ ಕುರ್ಚಿಗಳಲ್ಲಿದೆ. ಒಳ್ಳೆಯ ಕಣ್ಣು ಎರಡು ಚುಕ್ಕಿಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಪಿಚ್ಚಿನ ಸುಮಾರು 3440 ಪಟ್ಟು ದೂರದವರೆಗೆ. ಪಿ3.91ಕ್ಕೆ ಅದು ಹದಿಮೂರೂವರೆ ಮೀಟರ್. ಅದರಾಚೆ ಕೂತವರಿಗೆ ಇನ್ನೂ ಸಣ್ಣ ಪಿಚ್ಚಿನ ದುಬಾರಿ ಗೋಡೆ ತಂದರೂ ಹೆಚ್ಚೇನೂ ಕಾಣದು. ಹತ್ತಿರದ ಮಿತಿಗೆ ಕಸುಬಿನವರ ಅಂದಾಜು ಸರಳ: ಪಿಚ್ ಎಷ್ಟು ಮಿಲಿಮೀಟರೋ ಕನಿಷ್ಠ ಅಷ್ಟು ಮೀಟರ್. ನಾಲ್ಕು ಮೀಟರಿನೊಳಗೆ ಸೋಫಾ ಹಾಕಿ ಗಣ್ಯರನ್ನು ಕೂರಿಸಿದರೆ ಅವರ ಪಾಲಿಗೆ ಬರೀ ಚುಕ್ಕಿ. ಬಸವನ ಬಾಗೇವಾಡಿಯಲ್ಲಿ ಶ್ರಾವಣದ ಜಾತ್ರೆಗೆ ಸೇರುವಂಥ ಮಂದಿ ಬಯಲಲ್ಲಿ ದೂರ ನಿಂತು ನೋಡುವಾಗ ಪಿ3.91 ಬೇಕಾದಷ್ಟಾಯಿತು. ಪ್ರೊಜೆಕ್ಟರಿಗೂ ಇದೇ ಲೆಕ್ಕ, ಪರದೆಯ ಅಗಲವನ್ನು ಅದರ ಅಡ್ಡ ಪಿಕ್ಸೆಲ್‌ಗಳಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. 1280×800ರ ಪ್ರೊಜೆಕ್ಟರ್ ಹನ್ನೆರಡು ಅಡಿ ಪರದೆ ತುಂಬಿದರೆ ಸುಮಾರು 2.9 ಮಿಲಿಮೀಟರ್.

ಸಿಂದಗಿಯಲ್ಲಿ ದುರಸ್ತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಡಿಸೈನರ್ 1536×768ರ ಹೊಸ ಹಾಳೆ ತೆರೆದ. ಫ್ಲೆಕ್ಸಿನ ಅಭ್ಯಾಸದಲ್ಲಿ ಡಿಪಿಐ ಎಷ್ಟಿಡಲಿ ಎಂದು ಕೇಳಿದ. ಇಲ್ಲಿ ಅದಕ್ಕೆ ಅರ್ಥವೇ ಇಲ್ಲ, ಎಣಿಕೆಗೆ ಬರುವುದು ಚುಕ್ಕಿ ಮಾತ್ರ. ಹಿಂದಿನ ಸಾಲು ಇಪ್ಪತ್ತು ಮೀಟರ್ ದೂರವಿತ್ತು. ಬೋರ್ಡು ಬರೆಯುವವರ ರೂಢಿಯಂತೆ ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಹಿಡಿದರೆ ಆರೂವರೆ ಇಂಚು ಬೇಕು, ಅಂದರೆ ಸುಮಾರು 43 ಚುಕ್ಕಿ, ಒತ್ತು ಬಿಟ್ಟು. ಒತ್ತಿಗೆ ಕೆಳಗೆ ಬೇರೆ ಜಾಗ. ದಪ್ಪ ಅಕ್ಷರಶೈಲಿ ಆರಿಸಿ ಯಾವ ಗೀಟೂ ಎರಡು ಚುಕ್ಕಿಗಿಂತ ತೆಳುವಾಗದಂತೆ ನೋಡಿಕೊಂಡದ್ದೇ ತಡ, ‘ಧ’ ಸೀಳಿಕೊಂಡು ನಿಂತಿತು.

ವಧೂವರರ ಫೋಟೊ ವಾಟ್ಸ್ಆ್ಯಪಿನಲ್ಲಿ ಬಂದದ್ದೆಂದು ಆತ ಅಂಜಿದ್ದ. ಉದ್ದನೆಯ ಬದಿ ಸಾಮಾನ್ಯವಾಗಿ 1600ರ ಆಸುಪಾಸು ಉಳಿದಿರುತ್ತದೆ. ಅಡ್ಡ ಫೋಟೊ ಆಗಿದ್ದರೆ ಈ ಗೋಡೆಗೆ ಧಾರಾಳ. ಆದರೆ ಅಕ್ಷರವಿರುವ ಚಿತ್ರವನ್ನು ಹಾಗೆ ಕಳಿಸಬೇಡಿ, ಅಂಚುಗಳು ಕೊಳೆತಂತಾಗುತ್ತವೆ. ವಿಡಿಯೊದ ತಂಟೆ ಬೇರೆ: ಕ್ಯಾಮೆರಾದ ಚೌಕಟ್ಟು 16:9, ಈ ಗೋಡೆ 2:1. ಎಳೆದು ತುಂಬಿದರೆ ಮದುಮಗಳು ಎಂಟರಲ್ಲೊಂದು ಪಾಲು ದಪ್ಪವಾಗುತ್ತಾಳೆ. ಅಗಲಕ್ಕೆ ಸರಿಹೊಂದಿಸಿದರೆ ಮೇಲೆ 48, ಕೆಳಗೆ 48 ಸಾಲು ಕತ್ತರಿಸಿ ಹೋಗುತ್ತವೆ. ಕೆಳಗಿನ ಹೆಸರುಪಟ್ಟಿ ಹೋಗುವುದು ಅಲ್ಲೇ.

ಪ್ರೊಸೆಸರ್ ಇನ್ನೂ ಗುಟ್ಟಾಗಿ ಕುಗ್ಗಿಸುತ್ತಿದೆಯೇ ಎಂದು ತಿಳಿಯಲು ಹುಡುಗ ಒಂದು ಚುಕ್ಕಿ ಕಪ್ಪು, ಒಂದು ಚುಕ್ಕಿ ಬಿಳಿ ಗೀಟುಗಳ ಚಿತ್ರ ಹಾಕಿದ. ಗೀಟು ಒಂದೇ ಸಮನಿದ್ದರೆ ಸರಿ. ಅಲೆಯಲೆಯಾಗಿ ಬೂದುಪಟ್ಟೆ ಎದ್ದರೆ ಎಲ್ಲೋ ಅಳತೆ ಬದಲಾಗಿದೆ.

ನಿಮ್ಮ ಮನೆಯ ಕಾರ್ಯಕ್ಕೆ ಗೋಡೆ ಗೊತ್ತುಮಾಡುವಾಗ ಅಡಿ ಲೆಕ್ಕದ ಜೊತೆಗೆ ಅಡ್ಡ ಎಷ್ಟು ಪಿಕ್ಸೆಲ್, ಎತ್ತರ ಎಷ್ಟು ಪಿಕ್ಸೆಲ್ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಡಿಸೈನರನ ಕೈಗೆ ಹಿಂದಿನ ದಿನವೇ ಸೇರಲಿ.