ಅವಧಿಗೆ ಮುನ್ನ ತೀರಿಸಿದ ಬಾಂಡ್: ಲಾಭವೋ, ನಷ್ಟವೋ?

1993ರ ಕೊನೆಯಲ್ಲಿ ಗುಜರಾತಿನ ಸರ್ದಾರ್ ಸರೋವರ್ ನರ್ಮದಾ ನಿಗಮ ಅಣೆಕಟ್ಟಿನ ಕೆಲಸಕ್ಕೆ ಹಣ ಹೊಂದಿಸಲು ಜನರ ಮುಂದೆ ಒಂದು ಬಾಂಡ್ ಇಟ್ಟಿತು. ಈಗ 3,600 ರೂಪಾಯಿ ಕೊಟ್ಟರೆ 2014ರ ಜನವರಿಯಲ್ಲಿ 1,11,000 ರೂಪಾಯಿ ಕೈಸೇರುತ್ತದೆ. ನಡುವೆ ಬಡ್ಡಿಯ ಮಾತಿಲ್ಲ. ಅಷ್ಟು ಕಾಲ ಕಾಯಲಾಗದವರು ನಿಗದಿತ ವರ್ಷಗಳಲ್ಲಿ ಹೊರಬರಬಹುದಿತ್ತು. ಹದಿನೈದು ವರ್ಷಕ್ಕೆ ಹೊರಬಂದರೆ 50,000 ರೂಪಾಯಿ. ಮಗಳ ಮದುವೆಗೆ, ಮಗನ ಓದಿಗೆ ಎಂದು ಈ ಬಗೆಯ ಬಾಂಡ್‌ಗಳನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟ ಮಧ್ಯಮ ವರ್ಗದ ಮನೆಗಳು ಆ ಕಾಲದಲ್ಲಿ ಕಡಿಮೆಯಿರಲಿಲ್ಲ.

2008ರಲ್ಲಿ ಗುಜರಾತ್ ವಿಧಾನಸಭೆ ಒಂದು ಕಾನೂನು ಮಾಡಿತು. ಬಾಂಡನ್ನು ಅವಧಿಗೆ ಮುನ್ನವೇ ತೀರಿಸುವ ಅಧಿಕಾರ ಅದರಿಂದ ನಿಗಮಕ್ಕೆ ಬಂತು. 2009ರ ಜನವರಿಯಲ್ಲಿ, ಇನ್ನೂ ಐದು ವರ್ಷ ಉಳಿದಿರುವಾಗಲೇ, ಒಂದೊಂದು ಬಾಂಡಿಗೆ 50,000 ರೂಪಾಯಿ ಕೊಟ್ಟು ನಿಗಮ ಲೆಕ್ಕ ಮುಗಿಸಿತು.

1,11,000 ಕೊಡಬೇಕಾದವರು 50,000 ಕೊಟ್ಟು ಕೈತೊಳೆದುಕೊಂಡರೆ ಒಂದು ಬಾಂಡಿಗೆ 61,000 ರೂಪಾಯಿ ಲಾಭವಾದಂತೆ ಯಾರಿಗಾದರೂ ಕಾಣುತ್ತದೆ. ಲೆಕ್ಕಪುಸ್ತಕ ಬರೆಯುವವರು ಇದನ್ನು ಒಪ್ಪುವುದಿಲ್ಲ. ಸರಿಯಾದ ವಿಧಾನದಲ್ಲಿ ಲೆಕ್ಕ ಹಾಕಿದರೆ ಇಲ್ಲಿ ಬರುವುದು ಲಾಭವಲ್ಲ, ನಷ್ಟ. ಅದು ಹೇಗೆಂದು ತಿಳಿಯಲು ಮೊದಲು ‘ಸೋಡಿ’ ಎಂಬ ಪದವನ್ನು ಬಿಡಿಸಿ ನೋಡಬೇಕು.

ಮುಖಬೆಲೆಗಿಂತ ಕಡಿಮೆ ಬೆಲೆಗೆ ಬಾಂಡ್ ಮಾರಿದಾಗ ಆ ಅಂತರವೇ ಸೋಡಿ, ಅಂದರೆ ಡಿಸ್ಕೌಂಟ್. ಅಂಗಡಿಯವರು ಬಟ್ಟೆಯ ಮೇಲೆ ಬಿಡುವ ರಿಯಾಯಿತಿಗೂ ಇದಕ್ಕೂ ಹೆಸರು ಒಂದೇ, ಗುಣ ಬೇರೆ. ಬಾಂಡಿನ ಸೋಡಿ ನಿಜವಾಗಿ ಬಡ್ಡಿ. ವರ್ಷವರ್ಷ ಕೊಡದೆ ಕೊನೆಯಲ್ಲಿ ಅಸಲಿನ ಜೊತೆ ಸೇರಿಸಿ ಕೊಡುವ ಬಡ್ಡಿ. ಹಾಗಾಗಿ ಅದನ್ನು ಬಾಂಡ್ ಮಾರಿದ ವರ್ಷವೇ ಪೂರ್ತಿ ಖರ್ಚು ಎಂದು ಬರೆಯುವಂತಿಲ್ಲ, ತೀರಿಸುವ ವರ್ಷದವರೆಗೆ ಸುಮ್ಮನೆ ಇಟ್ಟುಕೊಳ್ಳುವಂತೆಯೂ ಇಲ್ಲ. ಸಾಲ ಇರುವಷ್ಟು ಕಾಲವೂ ಸ್ವಲ್ಪ ಸ್ವಲ್ಪವಾಗಿ ಖರ್ಚಿಗೆ ಹಾಕುತ್ತ ಹೋಗಬೇಕು.

ನಮ್ಮ ಸುಪ್ರೀಂ ಕೋರ್ಟ್ ಈ ಮಾತನ್ನು 1997ರಲ್ಲಿ ತೆರಿಗೆಯ ವ್ಯಾಜ್ಯವೊಂದರಲ್ಲಿ ಸ್ಪಷ್ಟಪಡಿಸಿತು. ಮದ್ರಾಸ್ ಇಂಡಸ್ಟ್ರಿಯಲ್ ಇನ್ವೆಸ್ಟ್‌ಮೆಂಟ್ ಕಾರ್ಪೊರೇಷನ್ 1966ರಲ್ಲಿ ಒಂದೂವರೆ ಕೋಟಿ ರೂಪಾಯಿಯ ಸಾಲಪತ್ರಗಳನ್ನು ನೂರಕ್ಕೆ 98ರಂತೆ ಮಾರಿತ್ತು. ಸೋಡಿ 3 ಲಕ್ಷ, ಅವಧಿ ಹನ್ನೆರಡು ವರ್ಷ. ಈ 3 ಲಕ್ಷ ಹನ್ನೆರಡು ವರ್ಷಕ್ಕೆ ಹಂಚಿಹೋಗಬೇಕಾದ ಖರ್ಚು ಎಂಬುದು ಕೋರ್ಟಿನ ತೀರ್ಮಾನ. ವರ್ಷಕ್ಕೆ 25,000.

ಈ ಅಂಕಿಗಳನ್ನೇ ಇಟ್ಟುಕೊಂಡು, ನಡೆಯದ ಒಂದು ಸಂಗತಿಯನ್ನು ಕಲ್ಪಿಸಿಕೊಳ್ಳೋಣ. ಎಂಟು ವರ್ಷ ಮುಗಿದಾಗ ನೂರಕ್ಕೆ 101 ಕೊಟ್ಟು ಇಡೀ ಸಾಲವನ್ನು ತೀರಿಸಿದರು ಎನ್ನಿ. ಅಷ್ಟು ಹೊತ್ತಿಗೆ 2 ಲಕ್ಷ ಸೋಡಿ ಖರ್ಚಿಗೆ ಹೋಗಿರುತ್ತದೆ, 1 ಲಕ್ಷ ಉಳಿದಿರುತ್ತದೆ. ಪುಸ್ತಕದಲ್ಲಿ ಆ ದಿನ ಸಾಲದ ಮೌಲ್ಯ ಒಂದೂವರೆ ಕೋಟಿಯಲ್ಲ. ಉಳಿದ ಸೋಡಿ ಕಳೆದು 1 ಕೋಟಿ 49 ಲಕ್ಷ. ಕೊಟ್ಟ ಹಣ 1 ಕೋಟಿ 51 ಲಕ್ಷ 50 ಸಾವಿರ. ನಷ್ಟ ಎರಡೂವರೆ ಲಕ್ಷ. ಇದರಲ್ಲಿ ಒಂದೂವರೆ ಲಕ್ಷ ಮುಖಬೆಲೆಗಿಂತ ಹೆಚ್ಚು ಕೊಟ್ಟದ್ದು, ಮಿಕ್ಕ ಒಂದು ಲಕ್ಷ ಖರ್ಚಿಗೆ ಹೋಗದೆ ಉಳಿದಿದ್ದ ಸೋಡಿ.

ಈ ಕೊನೆಯ ಒಂದು ಲಕ್ಷವೇ ಹೊಸಬರನ್ನು ಎಡವಿಸುವುದು. ಕೈಯಿಂದ ಹೆಚ್ಚಿಗೆ ಹೋದದ್ದು ಒಂದೂವರೆ ಲಕ್ಷ ಮಾತ್ರ, ಹಾಗಾದರೆ ಇನ್ನೊಂದು ಲಕ್ಷದ ನಷ್ಟ ಎಲ್ಲಿಂದ ಬಂತು? ಎಂಟು ವರ್ಷದ ಹಿಂದೆ ಕಂಪನಿಗೆ ಸಿಕ್ಕಿದ್ದು ಒಂದೂವರೆ ಕೋಟಿಯಲ್ಲ, 1 ಕೋಟಿ 47 ಲಕ್ಷ ಎಂಬುದನ್ನು ನೆನೆದರೆ ಉತ್ತರ ಸಿಗುತ್ತದೆ. ಆಗ ಸಿಗದ 3 ಲಕ್ಷದಲ್ಲಿ 2 ಲಕ್ಷವನ್ನು ಮಾತ್ರ ಇದುವರೆಗೆ ಬಡ್ಡಿಯೆಂದು ತೋರಿಸಲಾಗಿದೆ. ಉಳಿದದ್ದು ಮುಂದಿನ ನಾಲ್ಕು ವರ್ಷದ ಬಡ್ಡಿಯಾಗಬೇಕಿತ್ತು. ಸಾಲವೇ ಇಲ್ಲವಾದ ಮೇಲೆ ಅದರ ಬಡ್ಡಿಯನ್ನು ಮುಂದಕ್ಕೆ ಹೊತ್ತೊಯ್ಯಲು ಆಧಾರವಿಲ್ಲ. ಅಂದೇ ಲಾಭ-ನಷ್ಟದ ಖಾತೆಗೆ ಹಾಕಿ ತೊಡೆದುಹಾಕಬೇಕು.

ಇದು ಎಲ್ಲರೂ ಮೊದಲಿನಿಂದ ಒಪ್ಪಿಕೊಂಡು ಬಂದ ನಿಯಮವಲ್ಲ. ಅಮೆರಿಕದಲ್ಲಿ ಹಳೆ ಬಾಂಡ್ ತೀರಿಸಿ ಹೊಸದನ್ನು ಮಾರಿದ ಕಂಪನಿಗಳು ಹಳೆಯದರ ಉಳಿದ ಸೋಡಿಯನ್ನು ಹೊಸ ಬಾಂಡಿನ ಅವಧಿಗೆ ಹಂಚುವುದೂ ಇತ್ತು. ಅಲ್ಲಿನ ಲೆಕ್ಕಪತ್ರ ನಿಯಮ ಮಂಡಳಿ 1972ರಲ್ಲಿ ಅದನ್ನು ನಿಲ್ಲಿಸಿ, ವ್ಯತ್ಯಾಸವನ್ನು ಆ ವರ್ಷವೇ ತೋರಿಸಬೇಕೆಂದಿತು. ನಮ್ಮಲ್ಲಿಯೂ ಹಳೆ ಕಂಪನಿ ಕಾನೂನಿನ ಆಸ್ತಿ-ಹೊಣೆ ಪಟ್ಟಿಯಲ್ಲಿ ಉಳಿದ ಸೋಡಿ ಆಸ್ತಿಯ ಬದಿಯಲ್ಲಿ, ಇನ್ನೂ ತೊಡೆದುಹಾಕದ ಇತರೆ ವೆಚ್ಚಗಳ ಸಾಲಿನಲ್ಲಿ ಕೂರುತ್ತಿತ್ತು. ಯಾರೂ ಕೊಳ್ಳದ, ಮಾರಲಾಗದ ವಸ್ತು ಆಸ್ತಿಯೆಂದು ಕಾಣುತ್ತಿದ್ದ ಆ ಪದ್ಧತಿ ಓದುಗರನ್ನು ದಾರಿ ತಪ್ಪಿಸುವಂಥದ್ದೇ. ಈಗ ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 109ರ ಪ್ರಕಾರ ಸೋಡಿಯನ್ನು ಸಾಲದ ಮೊತ್ತದಿಂದಲೇ ಕಳೆದು ತೋರಿಸಲಾಗುತ್ತದೆ. ಬಾಂಡ್ ತೀರಿಸಿದಾಗ ಪುಸ್ತಕ ಮೌಲ್ಯಕ್ಕೂ ಕೊಟ್ಟ ಹಣಕ್ಕೂ ಇರುವ ವ್ಯತ್ಯಾಸ ನೇರವಾಗಿ ಲಾಭ-ನಷ್ಟದ ಖಾತೆಗೆ ಹೋಗುತ್ತದೆ.

ಮದ್ರಾಸಿನ ಉದಾಹರಣೆಯಲ್ಲಿ ಸೋಡಿ ನೂರಕ್ಕೆ ಎರಡು. ಅಷ್ಟು ಚಿಕ್ಕ ಮೊತ್ತವನ್ನು ವರ್ಷಗಳಿಗೆ ಸಮನಾಗಿ ಹಂಚಿದರೆ ದೊಡ್ಡ ಅನಾಹುತವೇನೂ ಆಗದು. ನರ್ಮದಾ ಬಾಂಡಿನಲ್ಲಿ 3,600 ರೂಪಾಯಿಗೆ 1,07,400 ರೂಪಾಯಿ ಸೋಡಿ! ಇಲ್ಲಿ ಹಂಚುವ ವಿಧಾನವೇ ಉತ್ತರವನ್ನು ತಲೆಕೆಳಗು ಮಾಡುತ್ತದೆ. ಮುಂದಿನ ಅಂಕಿಗಳು ನಿಗಮದ ಪುಸ್ತಕದವಲ್ಲ, ಬಾಂಡಿನ ಷರತ್ತುಗಳನ್ನು ಹಿಡಿದು, ಅವಧಿಯನ್ನು ಸರಿಯಾಗಿ ಇಪ್ಪತ್ತು ವರ್ಷವೆಂದು ಎಣಿಸಿ ಮಾಡಿದ ಲೆಕ್ಕ.

ಮೊದಲು ಸಮನಾಗಿ ಹಂಚಿ ನೋಡಿ. ವರ್ಷಕ್ಕೆ 5,370 ರೂಪಾಯಿ. ಹದಿನೈದು ವರ್ಷಕ್ಕೆ 80,550 ಖರ್ಚಿಗೆ ಹೋಗಿರುತ್ತದೆ. ಉಳಿದ ಸೋಡಿ 26,850, ಸಾಲದ ಪುಸ್ತಕ ಮೌಲ್ಯ 84,150. ಕೊಟ್ಟದ್ದು 50,000. ಬಾಂಡೊಂದಕ್ಕೆ 34,150 ರೂಪಾಯಿ ಲಾಭ.

ಆದರೆ ಈ ಲೆಕ್ಕದ ಮೊದಲ ವರ್ಷವನ್ನು ಗಮನಿಸಿ: 3,600 ರೂಪಾಯಿ ಸಾಲಕ್ಕೆ ಒಂದೇ ವರ್ಷದಲ್ಲಿ 5,370 ರೂಪಾಯಿ ಬಡ್ಡಿ. ಮೀಟರ್ ಬಡ್ಡಿಯ ಸಾಹುಕಾರನೂ ನಾಚಬೇಕಾದ ದರ ಅದು. ನಿಜವಾದ ಸಾಲ ಹಾಗೆ ಬೆಳೆಯುವುದಿಲ್ಲ. ಬಡ್ಡಿ ಮೊದಲು ಚಿಕ್ಕದಾಗಿರುತ್ತದೆ; ಅಸಲಿಗೆ ಸೇರುತ್ತ, ಚಕ್ರಬಡ್ಡಿಯಾಗಿ ಕೊನೆಯ ವರ್ಷಗಳಲ್ಲಿ ಉಬ್ಬುತ್ತದೆ. 3,600 ಇಪ್ಪತ್ತು ವರ್ಷದಲ್ಲಿ 1,11,000 ಆಗಬೇಕಾದರೆ ಚಕ್ರಬಡ್ಡಿಯ ದರ ಸುಮಾರು ಶೇ 18.7 ಇರಬೇಕು. ಆ ದರದಲ್ಲಿ ಮೊದಲ ವರ್ಷದ ಬಡ್ಡಿ 673 ರೂಪಾಯಿ ಮಾತ್ರ, ಇಪ್ಪತ್ತನೆಯ ವರ್ಷದ್ದು ಸುಮಾರು 17,500. ಇಂಡ್ ಎಎಸ್ ಕೇಳುವುದು ಈ ವಿಧಾನವನ್ನೇ. ವಾಸ್ತವ ಬಡ್ಡಿ ವಿಧಾನ ಎಂದು ಇದನ್ನು ಕರೆಯಬಹುದು.

ಈ ದಾರಿಯಲ್ಲಿ ಹೋದರೆ ಹದಿನೈದು ವರ್ಷದ ಕೊನೆಗೆ ಸಾಲ ಬೆಳೆದು ನಿಲ್ಲುವುದು ಸುಮಾರು 47,100 ರೂಪಾಯಿಗೆ. ಉಳಿದ ಸೋಡಿ ಸುಮಾರು 63,900. ನಿಗಮ ಕೊಟ್ಟದ್ದು 50,000. ಹಾಗಾಗಿ ಬಾಂಡೊಂದಕ್ಕೆ ಸುಮಾರು 2,900 ರೂಪಾಯಿ ನಷ್ಟ.

ಪುಸ್ತಕದಲ್ಲಿ ಇದನ್ನು ಬರೆಯುವಾಗ ಬಾಂಡ್ ಖಾತೆಯ 1,11,000ವನ್ನು ಡೆಬಿಟ್ ಮಾಡಿ ಹೊಣೆಯನ್ನು ಪೂರ್ತಿ ತೆಗೆಯುತ್ತಾರೆ. ಇನ್ನೊಂದು ಬದಿಯಲ್ಲಿ ಬ್ಯಾಂಕಿನಿಂದ ಹೋದ 50,000 ಮತ್ತು ಉಳಿದ ಸೋಡಿ 63,900 ಕ್ರೆಡಿಟ್ ಆಗುತ್ತವೆ. ಎರಡೂ ಸೇರಿದರೆ 1,13,900. ಎರಡು ಬದಿಗಳನ್ನು ಸಮ ಮಾಡಲು ಬೇಕಾದ 2,900 ನಷ್ಟವೆಂದು ಡೆಬಿಟ್ ಬದಿಗೆ ಬರುತ್ತದೆ.

ತಪ್ಪುಗಳು ಹೆಚ್ಚಾಗಿ ನುಸುಳುವುದು ದಿನಾಂಕದಲ್ಲಿ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿದು, ಬಾಂಡನ್ನು ಜನವರಿಯಲ್ಲಿ ತೀರಿಸಿದರೆ, ಹಿಂದಿನ ಮಾರ್ಚಿನ ಅಂಕಿಯನ್ನೇ ಹಿಡಿದು ಲಾಭ-ನಷ್ಟ ತೆಗೆಯುವವರಿದ್ದಾರೆ. ಏಪ್ರಿಲ್‌ನಿಂದ ಜನವರಿವರೆಗಿನ ಸೋಡಿಯನ್ನು ಮೊದಲು ಬಡ್ಡಿಯ ಖರ್ಚಿಗೆ ಹಾಕಬೇಕು. ಹಾಗೆ ಮಾಡದಿದ್ದರೆ ಅಷ್ಟು ತಿಂಗಳ ಬಡ್ಡಿ ‘ಬಾಂಡ್ ತೀರಿಸಿದ ನಷ್ಟ’ದ ವೇಷ ಹಾಕಿಕೊಂಡು ಬರುತ್ತದೆ. ಇನ್ನೊಂದು ತಪ್ಪು, ಅರ್ಧ ಬಾಂಡ್‌ಗಳನ್ನು ಮಾತ್ರ ತೀರಿಸಿದಾಗ ಉಳಿದ ಸೋಡಿಯನ್ನೆಲ್ಲ ತೊಡೆದುಹಾಕುವುದು. ಅರ್ಧ ಸಾಲ ಹೋದರೆ ಅರ್ಧ ಸೋಡಿ ಮಾತ್ರ ಹೋಗಬೇಕು. ಬಡ್ಡಿ ಕೊಡುವ ಬಾಂಡ್ ಆಗಿದ್ದರೆ, ಕೊಟ್ಟ ಚೆಕ್ಕಿನಲ್ಲಿ ಅಂದಿನವರೆಗಿನ ಬಾಕಿ ಬಡ್ಡಿಯೂ ಸೇರಿರಬಹುದು. ಅದನ್ನು ಬೇರ್ಪಡಿಸಿದ ಮೇಲೆಯೇ ಉಳಿದದ್ದು ಬಾಂಡಿನ ಬೆಲೆ.

ಹಾಗಾದರೆ 2,900 ರೂಪಾಯಿ ನಷ್ಟ ತೋರಿಸುವ ಕೆಲಸವನ್ನು ನಿಗಮ ಏಕೆ ಮಾಡಬೇಕಿತ್ತು? ಪುಸ್ತಕದ ನಷ್ಟ ಹಳೆಯ ದರದಿಂದ ಅಳೆದದ್ದು, ತೀರ್ಮಾನವಾದದ್ದು ಹೊಸ ದರದಲ್ಲಿ. ಬಾಂಡ್ ಹಾಗೇ ಉಳಿದಿದ್ದರೆ ಆ 50,000ದ ಸಾಲ ಐದು ವರ್ಷದಲ್ಲಿ 1,11,000 ಆಗುತ್ತಿತ್ತು. ಅದೇ 50,000ವನ್ನು ಬೇರೆಡೆ ಶೇ 10ರ ದರದಲ್ಲಿ ಸಾಲ ತಂದು ತೀರಿಸಿದರೆ ಐದು ವರ್ಷದ ಕೊನೆಗೆ ಕೊಡಬೇಕಾದದ್ದು ಸುಮಾರು 80,500. ಬಾಂಡೊಂದಕ್ಕೆ 30,000 ರೂಪಾಯಿಗೂ ಮೀರಿದ ಉಳಿತಾಯ. ಆದರೆ ಅದು ಮುಂದಿನ ವರ್ಷಗಳ ಕಡಿಮೆ ಬಡ್ಡಿಯಾಗಿ ಬರುವುದರಿಂದ ತೀರಿಸಿದ ದಿನದ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ವಾರ್ಷಿಕ ವರದಿಯಲ್ಲಿ ಬಾಂಡ್ ತೀರಿಸಿದ ನಷ್ಟ ಕಂಡಾಕ್ಷಣ ಆಡಳಿತ ಎಡವಿತು ಎಂದುಕೊಳ್ಳುವುದು ಈ ಕಾರಣಕ್ಕೆ ತಪ್ಪು. ಲಾಭವೂ ಹೀಗೆಯೇ ಮೋಸ ಮಾಡಬಲ್ಲದು. ಕಂಪನಿ ಸಾಲ ತೀರಿಸೀತೇ ಎಂಬ ಅನುಮಾನದಲ್ಲಿ ಅದರ ಬಾಂಡ್ ಬೆಲೆ ಪೇಟೆಯಲ್ಲಿ ಕುಸಿದಾಗ, ಅದನ್ನೇ ಅಗ್ಗಕ್ಕೆ ಕೊಂಡು ಲಾಭ ತೋರಿಸುವ ಸಂದರ್ಭಗಳಿವೆ.

ಬಾಂಡ್ ಇಟ್ಟುಕೊಂಡಿದ್ದ ಮನೆಗಳ ಲೆಕ್ಕ ಇದರ ಇನ್ನೊಂದು ಮುಖ. ಅವರಿಗೆ ಸಿಕ್ಕ 50,000, 2014ರ ಜನವರಿಗೆ ಮತ್ತೆ 1,11,000 ಆಗಬೇಕಿದ್ದರೆ ವರ್ಷಕ್ಕೆ ಶೇ 17.3ರ ಚಕ್ರಬಡ್ಡಿ ಬೇಕಿತ್ತು. 2009ರಲ್ಲಿ ಅಷ್ಟು ಬಡ್ಡಿ ಕೊಡುವ ಠೇವಣಿ ಯಾವ ಸರ್ಕಾರಿ ಬ್ಯಾಂಕಿನಲ್ಲೂ ಇರಲಿಲ್ಲ.