ಆರನೇ ತರಗತಿ ಸರಿ, ಯಾವ ದೇಶದ್ದು?

‘ಆರನೇ ತರಗತಿಯ ಭಿನ್ನರಾಶಿ ಪಾಠಕ್ಕೆ ಇಪ್ಪತ್ತು ಲೆಕ್ಕಗಳ ಅಭ್ಯಾಸ ಹಾಳೆ ಮಾಡಿಕೊಡು’ ಎಂದು ಚಾಟ್‌ಬಾಟ್‌ನಲ್ಲಿ ಬರೆದರೆ ಅರ್ಧ ನಿಮಿಷದೊಳಗೆ ಹಾಳೆ ಸಿದ್ಧ. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಹದಿನಾಲ್ಕನೆಯದೋ ಹದಿನೈದನೆಯದೋ ಲೆಕ್ಕವಾಗಿ 3/4 ÷ 1/8 ಎಂಬುದೊಂದು ಸದ್ದಿಲ್ಲದೆ ಕೂತಿರುವ ಸಾಧ್ಯತೆ ಇದೆ. ಅದರ ಉತ್ತರ 6 ಎಂದು ಕೊಟ್ಟಿದ್ದರೆ ಅದೂ ಸರಿಯೇ. ಲೆಕ್ಕ ತಪ್ಪಿಲ್ಲ. ತರಗತಿ ತಪ್ಪಿದೆ.

ನಮ್ಮ ಆರನೇ ತರಗತಿಯ ಮಗು ಭಿನ್ನರಾಶಿಗಳನ್ನು ಕೂಡುತ್ತದೆ, ಕಳೆಯುತ್ತದೆ, ಹೋಲಿಸುತ್ತದೆ. ಗುಣಿಸುವುದು, ಭಾಗಿಸುವುದು ಏಳನೆಯ ತರಗತಿಗೆ. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕದಲ್ಲೂ ಹೀಗೇ ಇತ್ತು, 2024ರಲ್ಲಿ ಬಂದ ‘ಗಣಿತ ಪ್ರಕಾಶ’ದಲ್ಲೂ ಹೀಗೇ ಇದೆ. ಹಾಗಾದರೆ ಆ ಭಾಗಾಕಾರ ಎಲ್ಲಿಂದ ಬಂತು? ಅಮೆರಿಕದ ಹಲವು ರಾಜ್ಯಗಳು ‘ಕಾಮನ್ ಕೋರ್’ ಎಂಬ ಕಲಿಕಾ ಮಾನದಂಡವನ್ನು ಒಪ್ಪಿಕೊಂಡಿವೆ. ಅದರಲ್ಲಿ ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವುದು ಬರುವುದೇ ಆರನೆಯ ಗ್ರೇಡಿಗೆ. ಬೇರೆ ಬೇರೆ ಛೇದಗಳ ಸಂಕಲನ ಐದಕ್ಕೇ ಮುಗಿದಿರುತ್ತದೆ. ಚಾಟ್‌ಬಾಟ್ ಓದಿ ಬೆಳೆದ ಬರಹದಲ್ಲಿ ಇಂಗ್ಲಿಷ್ ಹಾಳೆಗಳ ರಾಶಿ ದೊಡ್ಡದು, ಕನ್ನಡ ಮಾಧ್ಯಮದ ಹಾಳೆಗಳು ಬೆರಳೆಣಿಕೆಯಷ್ಟು. ‘ಆರನೇ ತರಗತಿ’ ಎಂದಷ್ಟೇ ಹೇಳಿದರೆ ಅದು ದೊಡ್ಡ ರಾಶಿಯ ಕಡೆಗೇ ವಾಲುತ್ತದೆ.

ಹಾಗಾಗಿ ಮೊದಲ ಕೆಲಸ ಫೋನಿನಲ್ಲಿ ಅಲ್ಲ, ಕಾಗದದ ಮೇಲೆ. ನನಗೆ ಪರಿಚಯವಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗಣಿತದ ಮೇಡಂ ಒಬ್ಬರು ಇದಕ್ಕೆ ‘ಬೇಲಿ ಚೀಟಿ’ ಎನ್ನುತ್ತಾರೆ. ಪಠ್ಯಪುಸ್ತಕ ತೆರೆದಿಟ್ಟುಕೊಂಡು ಅರ್ಧ ಹಾಳೆಯಲ್ಲಿ ಮೂರು ಸಾಲು ಬರೆಯುತ್ತಾರೆ. ಮಕ್ಕಳಿಗೆ ಆಗಲೇ ಬಂದಿರುವುದು ಏನು, ಇವತ್ತು ಕಲಿಯಬೇಕಾದ್ದು ಏನು, ಹಾಳೆಯೊಳಗೆ ಕಾಲಿಡಬಾರದ್ದು ಏನು. ಮೂರನೆಯ ಸಾಲೇ ಮುಖ್ಯ. ‘ಬೇಕಾದ್ದು ಹೇಳಿದರೆ ಅದು ಬೇಕಾದ್ದರ ಜೊತೆ ಬೇಡದ್ದನ್ನೂ ತರ್ತದೆ ಸರ್, ಸಂತೆಗೆ ಕಳಿಸಿದ ಹುಡುಗನ ಹಾಗೆ’ ಎಂದು ಅವರು ನಕ್ಕರು.

ಬೇಲಿ ಚೀಟಿಯೇ ಆಮೇಲೆ ಚಾಟ್‌ಬಾಟ್‌ಗೆ ಕೊಡುವ ಸೂಚನೆಯಾಗುತ್ತದೆ. ಅವರು ಬರೆದದ್ದು ಹೆಚ್ಚೂಕಡಿಮೆ ಹೀಗಿತ್ತು: ‘ಕರ್ನಾಟಕದ ಕನ್ನಡ ಮಾಧ್ಯಮ, 6ನೇ ತರಗತಿ. ಭಿನ್ನರಾಶಿಗಳ ಸಂಕಲನ. ಮಕ್ಕಳಿಗೆ ಸಮಾನ ಭಿನ್ನರಾಶಿ ಮತ್ತು ಲ.ಸಾ.ಅ. ಗೊತ್ತು. ಒಂದು ಲೆಕ್ಕದಲ್ಲಿ ಎರಡೇ ಭಿನ್ನರಾಶಿ ಇರಲಿ, ಛೇದ 12 ದಾಟಬಾರದು. ಗುಣಾಕಾರ, ಭಾಗಾಕಾರ, ಋಣಸಂಖ್ಯೆ ಬೇಡ. ಜೊತೆಗಿಟ್ಟ ಪುಟಗಳಲ್ಲಿರುವ ಪದಗಳನ್ನೇ ಬಳಸು. ಉತ್ತರಗಳನ್ನು ಈಗಲೇ ಕೊಡಬೇಡ.’

‘ಜೊತೆಗಿಟ್ಟ ಪುಟಗಳು’ ಎಂಬಲ್ಲಿ ಒಂದು ಸಣ್ಣ ತೊಡಕಿದೆ. ಪಠ್ಯಪುಸ್ತಕದ ಪಿಡಿಎಫ್ ಉಚಿತವಾಗಿ ಸಿಗುತ್ತದೆ, ನಿಜ. ಆದರೆ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧವಾದ ಕನ್ನಡ ಪಿಡಿಎಫ್‌ನಿಂದ ಸಾಲುಗಳನ್ನು ನಕಲು ಮಾಡಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬೀಳುತ್ತವೆ. ಚಾಟ್‌ಬಾಟ್ ಅದನ್ನು ಓದಲಾಗಲಿಲ್ಲ ಎಂದು ಹೇಳದೆ, ಊಹೆಯಲ್ಲೇ ಮುಂದೆ ಹೋಗಿಬಿಡಬಹುದು. ಪುಟದ ಫೋಟೋ ತೆಗೆದು ಹಾಕುವುದು ಮೇಲು. ಆಗಲೂ ಒಂದರ ಕೆಳಗೊಂದು ಅಚ್ಚಾದ ಅಂಶ, ಛೇದಗಳನ್ನು ಅದು ತಪ್ಪಾಗಿ ಓದುವುದುಂಟು. ‘ಈ ಪುಟದಲ್ಲಿರುವ ಲೆಕ್ಕಗಳನ್ನು ಮೊದಲು ಹಾಗೇ ಬರೆದು ತೋರಿಸು’ ಎಂದು ಕೇಳಿ, ಪುಸ್ತಕದೊಂದಿಗೆ ಒಮ್ಮೆ ತಾಳೆ ನೋಡಿದರೆ ಮುಂದಿನ ಅರ್ಧ ಗಂಟೆ ಉಳಿಯುತ್ತದೆ. ಪುಟವನ್ನೇ ಕೊಡದೆ ‘ಪಠ್ಯಪುಸ್ತಕದ ಪ್ರಕಾರ ಮಾಡು’ ಎಂದರೆ, ಇಲ್ಲದ ಪುಟಸಂಖ್ಯೆ, ಇಲ್ಲದ ಅಭ್ಯಾಸದ ಸಂಖ್ಯೆ ಕೂಡ ಬಲು ವಿಶ್ವಾಸದಿಂದ ಬರಬಹುದು.

ಪದಗಳ ವಿಷಯವೂ ಹಗುರವಲ್ಲ. ಪುಸ್ತಕದಲ್ಲಿ ‘ಭಿನ್ನರಾಶಿ’ ಎಂದಿದ್ದರೆ ಹಾಳೆಯಲ್ಲಿ ‘ಭಿನ್ನಾಂಕ’ ಬರುತ್ತದೆ. ದೊಡ್ಡವರಿಗೆ ಎರಡೂ ಒಂದೇ. ಹನ್ನೊಂದು ವರ್ಷದ ಮಗುವಿಗೆ ಅದು ಇನ್ನೊಂದು ಹೊಸ ಪಾಠ. ಬರವಣಿಗೆಯ ರೂಪವೂ ಹಾಗೆಯೇ. ಪರದೆಯ ಮೇಲೆ ಓರೆಗೆರೆ ಹಾಕಿ ಬರುವ 2/3 ಅನ್ನು ಹಾಗೇ ಮುದ್ರಿಸಿ ಕೊಟ್ಟರೆ, ಅಡ್ಡಗೆರೆಯ ಮೇಲೆ ಕೆಳಗೆ ಬರೆದು ಅಭ್ಯಾಸವಾದ ಮಗು ಅದನ್ನು ತಾರೀಖು ಎಂದು ಓದಿದರೆ ತಪ್ಪೇನಿಲ್ಲ.

ಇನ್ನು ‘ಹಂತ’. ಸುಲಭ, ಮಧ್ಯಮ, ಕಠಿಣ ಎಂದು ಮೂರು ಹಂತದ ಹಾಳೆ ಕೇಳಿದಾಗ ಚಾಟ್‌ಬಾಟ್ ಹೆಚ್ಚಾಗಿ ಎಡವುವುದು ಇಲ್ಲೇ, ಮತ್ತು ಈ ಎಡವಟ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ದೊಡ್ಡ ಸಂಖ್ಯೆ ಎಂದರೆ ಕಷ್ಟದ ಲೆಕ್ಕ. ಹಾಗಾಗಿ 1/2 + 1/3 ಸುಲಭದ ಪಟ್ಟಿಗೆ ಹೋಗುತ್ತದೆ, 7/19 + 8/19 ಕಠಿಣದ ಪಟ್ಟಿಗೆ. ತರಗತಿಯಲ್ಲಿ ನಿಂತು ಕಲಿಸಿದವರಿಗೆ ಇದು ತಲೆಕೆಳಗು ಎಂದು ಗೊತ್ತು. ಎರಡನೆಯದರಲ್ಲಿ ಛೇದ ಒಂದೇ. ಏಳಕ್ಕೆ ಎಂಟು ಕೂಡಿದರೆ ಮುಗಿಯಿತು. ಮೊದಲನೆಯದರಲ್ಲಿ ಮಗು ಎರಡೂ ಭಿನ್ನರಾಶಿಗಳನ್ನು ಬದಲಿಸಬೇಕು. ಮಗುವಿನ ಕಷ್ಟ ಸಂಖ್ಯೆಯ ಗಾತ್ರದಲ್ಲಿಲ್ಲ, ಎಷ್ಟು ಹೆಜ್ಜೆ ಇಡಬೇಕು ಎಂಬುದರಲ್ಲಿದೆ.

ಆದ್ದರಿಂದ ‘ಸುಲಭ, ಕಠಿಣ’ ಎಂಬ ಪದಗಳನ್ನೇ ಬಿಟ್ಟು, ಹಂತ ಯಾವುದರಿಂದ ಏರಬೇಕು ಎಂದು ಹೇಳಬೇಕು. ಮೇಡಂ ಮಾಡಿದ ಮೆಟ್ಟಿಲು ಹೀಗೆ. ಮೊದಲು ಛೇದ ಒಂದೇ ಆಗಿರುವ 2/7 + 3/7ರಂಥವು. ಆಮೇಲೆ ಒಂದು ಛೇದ ಇನ್ನೊಂದರ ಅಪವರ್ತ್ಯವಾಗಿರುವ 1/3 + 1/6. ಇಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಸಾಕು. ಮೂರನೆಯದು 2/3 + 1/4. ಎರಡನ್ನೂ ಬದಲಿಸಬೇಕು, ಆದರೆ ಛೇದಗಳನ್ನು ಗುಣಿಸಿದರೆ ಸಿಗುವ 12ರಿಂದಲೇ ಕೆಲಸವಾಗುತ್ತದೆ. ಕೊನೆಯದು 5/6 + 3/8. ಇಲ್ಲಿ ಲ.ಸಾ.ಅ. 24 ಎಂದು ಕಂಡ ಮಗು 20/24 + 9/24 ಎಂದು ಬರೆದು 29/24, ಅಂದರೆ 1 ಪೂರ್ಣ 5/24ಕ್ಕೆ ಬರುತ್ತದೆ. ಛೇದಗಳನ್ನು ಸುಮ್ಮನೆ ಗುಣಿಸಿದ ಮಗು 58/48ಕ್ಕೆ ಬಂದು, ಅಲ್ಲಿಂದ ಸಂಕ್ಷೇಪಿಸಬೇಕು. ಎರಡೂ ಸರಿ, ಆದರೆ ಯಾವ ಮಗು ಯಾವ ದಾರಿ ಹಿಡಿಯಿತು ಎಂಬುದು ಹಾಳೆಯಲ್ಲೇ ಕಾಣುತ್ತದೆ.

ದಾರಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಚಾಟ್‌ಬಾಟ್ ಕೊಡುವ ವಿವರಣೆಗಳಲ್ಲಿ ‘ಚಿಟ್ಟೆ ವಿಧಾನ’ ಎಂಬುದೊಂದು ಆಗಾಗ ಬರುತ್ತದೆ. ಓರೆಯಾಗಿ ಗುಣಿಸಿ ಮೇಲೆ ಕೂಡುವುದು, ಛೇದಗಳನ್ನು ಗುಣಿಸಿ ಕೆಳಗೆ ಬರೆಯುವುದು. ಗೆರೆ ಎಳೆದರೆ ಚಿಟ್ಟೆಯ ರೆಕ್ಕೆಯಂತೆ ಕಾಣುತ್ತದೆ. ಉತ್ತರವೇನೋ ಬರುತ್ತದೆ, ಆದರೆ ಅಲ್ಲಿ ಸಮಾನ ಭಿನ್ನರಾಶಿ ಎಲ್ಲಿ ಹೋಯಿತು ಎಂದು ಮಗುವಿಗೆ ತಿಳಿಯುವುದಿಲ್ಲ. ‘ಗಣಿತ ಪ್ರಕಾಶ’ ಇದೇ ಸಂಕಲನವನ್ನು ಬ್ರಹ್ಮಗುಪ್ತನ ವಿಧಾನ ಎಂದು ಕರೆದು, ಮೊದಲು ಎರಡೂ ಭಿನ್ನರಾಶಿಗಳನ್ನು ಒಂದೇ ಅಳತೆಯ ತುಂಡುಗಳಿಗೆ ತರಲು ಹೇಳುತ್ತದೆ. ಆತ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದದ್ದು 628ರಲ್ಲಿ. ಹದಿನಾಲ್ಕು ಶತಮಾನ ಬಾಳಿದ ದಾರಿಯನ್ನು ಒಂದು ಚಿಟ್ಟೆಗಾಗಿ ಬಿಟ್ಟುಕೊಡಲು ನನಗಂತೂ ಮನಸ್ಸಿಲ್ಲ.

ಪಾಠ ಯೋಜನೆಯಲ್ಲೂ ಇದೇ ಕಣ್ಣು ಬೇಕು. ತೊಡಗಿಸಿಕೊಳ್ಳುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳನ್ನು ಚಾಟ್‌ಬಾಟ್ ಚೆನ್ನಾಗಿಯೇ ತುಂಬಿಕೊಡುತ್ತದೆ. ಸಮಯದ ಅಂಕಣವನ್ನು ಮಾತ್ರ ಕೂಡಿ ನೋಡಿ. ಒಂದೊಂದು ಹಂತಕ್ಕೂ ಉದಾರವಾಗಿ ನಿಮಿಷ ಹಂಚಿ, ನಲವತ್ತು ನಿಮಿಷದ ಪಿರಿಯಡ್ಡು ಒಂದು ಗಂಟೆ ದಾಟಿರುತ್ತದೆ. ಚಟುವಟಿಕೆಗೆ ಪಿಜ್ಜಾ ತುಂಡುಗಳೋ ಅಂಗಡಿಯಲ್ಲಿ ಕೊಳ್ಳಬೇಕಾದ ಪ್ಲಾಸ್ಟಿಕ್ ಪಟ್ಟಿಗಳೋ ಬಂದಿರುತ್ತವೆ. ಮೇಡಂ ಅದನ್ನು ತೆಗೆದು ರದ್ದಿ ಕಾಗದ ಇಟ್ಟರು. ಕಾಗದವನ್ನು ಉದ್ದಕ್ಕೆ ಮೂರಾಗಿ, ಅಡ್ಡಕ್ಕೆ ನಾಲ್ಕಾಗಿ ಮಡಚಿ ಬಿಡಿಸಿದರೆ ಹನ್ನೆರಡು ಮನೆ. 2/3 ಎಂದರೆ ಎಂಟು ಮನೆ, 1/4 ಎಂದರೆ ಮೂರು ಮನೆ. ಒಟ್ಟು ಹನ್ನೊಂದು, ಅಂದರೆ 11/12. ಲ.ಸಾ.ಅ. ಎಂದು ಬಾಯಿಬಿಡುವ ಮೊದಲೇ ಹನ್ನೆರಡು ಯಾಕೆ ಬಂತೆಂದು ಮಗುವಿನ ಕೈಯಲ್ಲೇ ಇದೆ. ಹಾಳೆಯ ಮೂರನೆಯ ಮೆಟ್ಟಿಲಿಗೆ 2/3 + 1/4 ಅನ್ನೇ ಇಟ್ಟದ್ದು ಅದಕ್ಕೇ.

ಉತ್ತರಗಳನ್ನು ಮೊದಲೇ ಕೇಳಬಾರದು ಎಂದದ್ದಕ್ಕೂ ಕಾರಣವಿದೆ. ಮುದ್ರಿತ ಉತ್ತರ ಕಣ್ಣೆದುರು ಇದ್ದರೆ, ಸುಸ್ತಾದ ರಾತ್ರಿಯಲ್ಲಿ ತಲೆ ಅದಕ್ಕೇ ಹೂಂಗುಟ್ಟುತ್ತದೆ. ಹಾಳೆಯ ಪ್ರತಿ ಲೆಕ್ಕವನ್ನೂ ಪೆನ್ನು ಹಿಡಿದು ತಾವೇ ಮಾಡಿ, ಆಮೇಲೆ ಚಾಟ್‌ಬಾಟ್‌ನ ಉತ್ತರ ತರಿಸಿ ಹೋಲಿಸಬೇಕು. ಹೊಂದದಿದ್ದಲ್ಲಿ ಅಂದಾಜು ನೋಡಿದರೆ ಯಾರು ತಪ್ಪೆಂದು ತಿಳಿಯುತ್ತದೆ: 5/6 ಒಂದಕ್ಕೆ ಹತ್ತಿರ, 3/8 ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಹಾಗಾದರೆ ಮೊತ್ತ ಒಂದಕ್ಕಿಂತ ಹೆಚ್ಚು, ಒಂದೂವರೆಗಿಂತ ಕಡಿಮೆ ಇರಲೇಬೇಕು. ಸ್ವತಃ ಮಾಡಿದಾಗಲೇ ಸಿಗುವ ಇನ್ನೊಂದು ಬಗೆಯ ತಪ್ಪಿದೆ. ಮುಂದಿನ ವಾರದ ವ್ಯವಕಲನದ ಹಾಳೆಯಲ್ಲಿ ಒಂದು ಮಾತಿನ ಲೆಕ್ಕ ಬಂದಿತ್ತು: ಡಬ್ಬಿಯಲ್ಲಿ 3/4 ಲೀಟರ್ ಎಣ್ಣೆಯಿತ್ತು, ಅಡುಗೆಗೆ 5/6 ಲೀಟರ್ ಬಳಸಿದರು, ಉಳಿದದ್ದೆಷ್ಟು? ಓದುವಾಗ ಎಲ್ಲವೂ ಸರಿ. 9/12ರಿಂದ 10/12 ಕಳೆಯಲು ಹೋದಾಗ ಮಾತ್ರ ಡಬ್ಬಿಯಲ್ಲಿ ಇಲ್ಲದ ಎಣ್ಣೆಯಲ್ಲಿ ಅಡುಗೆ ನಡೆದಿದೆ ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡುವುದಾದರೆ ಚಾಟ್‌ಬಾಟ್ ಯಾಕೆ, ಕೈಯಲ್ಲೇ ಹಾಳೆ ಬರೆಯಬಾರದೇ ಎಂದು ಮೇಡಂ ಅವರನ್ನೇ ಕೇಳಿದೆ. ಒಂದೇ ಹಾಳೆಯಾದರೆ ಕೈಯೇ ವಾಸಿ ಎಂದರು. ಅವರಿಗೆ ಅದರ ಉಪಯೋಗ ಸಿಕ್ಕಿದ್ದು ಪಾಠವಾದ ಮೇಲೆ. 2/3 + 1/4ಕ್ಕೆ ಕೆಲವು ಮಕ್ಕಳು 3/7 ಬರೆದಿದ್ದರು, ಕೆಲವರು 3/12. ಮೊದಲಿನವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದವರು. ಎರಡನೆಯವರು ಛೇದವನ್ನು ಹನ್ನೆರಡು ಮಾಡಿ, ಅಂಶಗಳನ್ನು ಬದಲಿಸಲು ಮರೆತವರು. ಎರಡೂ ಗುಂಪಿಗೆ ಒಂದೇ ‘ಸುಲಭದ ಹಾಳೆ’ ಕೊಟ್ಟರೆ ಪ್ರಯೋಜನವಿಲ್ಲ.

ಮಕ್ಕಳ ಹೆಸರು, ಅಂಕ ಯಾವುದನ್ನೂ ಹಾಕದೆ, ಈ ಎರಡು ತಪ್ಪುಗಳನ್ನಷ್ಟೇ ವಿವರಿಸಿ ಒಂದೊಂದಕ್ಕೂ ಆರಾರು ಲೆಕ್ಕ ಕೇಳಿದರು. 3/12 ಬರೆದವರಿಗೆ ಬಂದ ಆರೂ, ಛೇದ ಮೊದಲೇ ಕೊಟ್ಟು ಅಂಶದ ಜಾಗ ಖಾಲಿ ಬಿಟ್ಟ ಲೆಕ್ಕಗಳು, ಬಳಸುವಂತಿದ್ದವು. 3/7ರವರಿಗೆ ಬಂದ ಆರರಲ್ಲಿ ನಾಲ್ಕು ಮತ್ತೆ ಬರೀ ಸಂಕಲನ, ಹಿಂದಿನ ಹಾಳೆಯಂಥವೇ. ಅವನ್ನು ಹೊಡೆದುಹಾಕಿ ಮೇಡಂ ತಾವೇ ಒಂದು ಪ್ರಶ್ನೆ ಬರೆದರು: ‘2/3 ದೊಡ್ಡದೋ 3/7 ದೊಡ್ಡದೋ? ಕಾಗದ ಮಡಚಿ ನೋಡಿ.’ ಮರುದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಹಿಡಿದು, ‘ಕೂಡಿಸಿದ ಮೇಲೆ ಕಮ್ಮಿ ಆಯ್ತಲ್ಲ ಮಿಸ್’ ಎಂದು ಕೂಗಿದನಂತೆ.