ಜಾಹೀರಾತು ನೋಡಿ ಬಂದವರು ಎಷ್ಟು ಮಂದಿ?

ನವೆಂಬರ್ ಹತ್ತಿರವಾದಂತೆ ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ, ರೆಡಿಂಗ್, ಹ್ಯಾರೋ ಕಡೆಯ ಕನ್ನಡ ಮನೆಗಳ ಫೋನಿಗೆ ರಾಜ್ಯೋತ್ಸವದ ಪೋಸ್ಟರುಗಳು ಬರತೊಡಗುತ್ತವೆ. ಸಂಘದವರು ಯಾವುದಾದರೂ ಶಾಲೆಯ ಸಭಾಂಗಣ ಹಿಡಿದಿರುತ್ತಾರೆ. ಊಟ ಎಷ್ಟು ಜನಕ್ಕೆ ಎಂದು ಅಡುಗೆಯವರಿಗೆ ಮೊದಲೇ ತಿಳಿಸಬೇಕಾಗಿರುತ್ತದೆ. ಹಾಗಾಗಿ ಟಿಕೆಟ್ ಬೇಗ ಖರ್ಚಾಗಲಿ ಎಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಒಂದಿಷ್ಟು ದುಡ್ಡು ಹಾಕುವುದು ಈಗ ವಾಡಿಕೆ. ಕಾರ್ಯಕ್ರಮ ಮುಗಿದ ಮೇಲೆ ಸಮಿತಿ ಸಭೆಯಲ್ಲಿ ಖಜಾಂಚಿ ಕೇಳುವ ಪ್ರಶ್ನೆ ಒಂದೇ: “ಅದಕ್ಕೆ ಸುರಿದ ದುಡ್ಡಿನಿಂದ ಎಷ್ಟು ಜನ ಬಂದ್ರು ಸ್ವಾಮಿ?” ಇದಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ಮೊದಲು ಜಾಹೀರಾತು ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನು ನೋಡೋಣ. ಜಾಹೀರಾತು ಹಾಕುವ ಪುಟದಲ್ಲಿ ಭಾಷೆ ಆರಿಸುವ ಜಾಗವಿದೆ, ಅಲ್ಲಿ ಕನ್ನಡವೂ ಇದೆ. ಹೊಸಬರು ಖುಷಿಯಿಂದ ಅದನ್ನೇ ಒತ್ತುತ್ತಾರೆ. ಆದರೆ ಅದು ಮನೆಯಲ್ಲಿ ಕನ್ನಡ ಮಾತಾಡುವವರನ್ನು ಹುಡುಕುವುದಿಲ್ಲ; ಫೇಸ್‌ಬುಕ್ಕನ್ನು ಕನ್ನಡದಲ್ಲಿ ಬಳಸುವವರನ್ನು ಮುಖ್ಯವಾಗಿ ಹುಡುಕುತ್ತದೆ. ರೆಡಿಂಗಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಾಸನದವರ ಫೋನು ಇಂಗ್ಲಿಷಿನಲ್ಲೇ ಇರುತ್ತದೆ. ಆ ಗುಂಡಿ ಒತ್ತಿದ ಕ್ಷಣವೇ ಅವರು ಪಟ್ಟಿಯಿಂದ ಹೊರಗೆ. ‘ಹಿಂದೆ ಭಾರತದಲ್ಲಿದ್ದವರು’ ಎಂಬ ವರ್ಗವನ್ನು ಹಿಡಿದರೆ ಪಂಜಾಬಿನವರು, ಗುಜರಾತಿನವರು ಎಲ್ಲರೂ ಒಟ್ಟಿಗೆ ಬರುತ್ತಾರೆ. ಜನಾಂಗ, ಧರ್ಮಗಳಿಗೆ ಸಂಬಂಧಿಸಿದ ಆಯ್ಕೆಗಳನ್ನು ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿ 2022ರ ಜನವರಿಯಲ್ಲಿ ತೆಗೆದುಹಾಕಿದ್ದರಿಂದ ಆ ದಾರಿಯೂ ಇಲ್ಲ.

ಅನುಭವಸ್ಥರು ಈ ಕೆಲಸವನ್ನು ಪೋಸ್ಟರಿಗೇ ಬಿಡುತ್ತಾರೆ. ಸಭಾಂಗಣದ ಸುತ್ತ ಇಪ್ಪತ್ತೈದು ಮೈಲಿಯ ವೃತ್ತ ಹಾಕಿ, ವಯಸ್ಸು ಇಪ್ಪತ್ತೈದರಿಂದ ಐವತ್ತೈದು ಎಂದಿಟ್ಟು, ಭಾರತದಲ್ಲಿದ್ದವರ ವರ್ಗವನ್ನು ಸೇರಿಸಿ, ಭಾಷೆಯ ಜಾಗ ಖಾಲಿ ಬಿಡುತ್ತಾರೆ. ಚಿತ್ರದ ಮೇಲೆ ಮಾತ್ರ ಒಂದು ಸಾಲು ದಪ್ಪ ಕನ್ನಡ ಅಕ್ಷರ. ಬೆರಳಲ್ಲಿ ತಳ್ಳುತ್ತಾ ಹೋಗುವ ಪರದೆಯಲ್ಲಿ ಆ ಅಕ್ಷರ ಕಂಡು ನಿಲ್ಲುವವರು ಕನ್ನಡದವರೇ. ಉಳಿದವರು ಮುಂದೆ ಹೋಗುತ್ತಾರೆ, ಒತ್ತುವುದಿಲ್ಲ. ಕ್ಲಿಕ್ಕಿಗೆ ಮಾತ್ರ ಹಣ ಕೊಡುವ ಆಯ್ಕೆ ಮಾಡಿಕೊಂಡಿದ್ದರೆ ಅವರಿಂದ ಖರ್ಚೂ ಇಲ್ಲ. ದಿನಾಂಕ, ಸಭಾಂಗಣದ ಪೋಸ್ಟ್‌ಕೋಡ್, ಊಟ ಇದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ, ಎಷ್ಟು ಗಂಟೆಗೆ ಮುಗಿಯುತ್ತದೆ – ಮಕ್ಕಳಿರುವ ಮನೆಯವರು ಕೇಳುವುದು ಇಷ್ಟೇ. ಅಧ್ಯಕ್ಷರಿಂದ ಹಿಡಿದು ಹದಿನೈದು ಜನರ ದುಂಡು ಫೋಟೋ, ಕೆಳಗೆ ಪ್ರಾಯೋಜಕರ ಲಾಂಛನಗಳ ಸಾಲು ತುಂಬಿದ ಪೋಸ್ಟರ್ ಸಮಿತಿಯವರಿಗೆ ಸಮಾಧಾನ ಕೊಡಬಹುದು. ಫೋನಿನಲ್ಲಿ ಅದು ಬರೀ ಚುಕ್ಕೆಗಳ ಗುಂಪಾಗಿ ಕಾಣುತ್ತದೆ.

ಇನ್ನು ಟಿಕೆಟ್ ಲೆಕ್ಕ. ಟಿಕೆಟ್ ಪುಟ ಒಂದೇ ಆದರೂ ಪ್ರತಿ ದಾರಿಗೂ ಬೇರೆ ಬೇರೆ ಬಾಲ ಅಂಟಿಸಿದ ಕೊಂಡಿ ಕೊಡುವುದು ಪದ್ಧತಿ:

```
?utm_source=facebook&utm_medium=paid
?utm_source=whatsapp&utm_medium=group
```

ಯಾವ ಕೊಂಡಿಯಿಂದ ಬಂದವರು ಎಷ್ಟು ಟಿಕೆಟ್ ಕೊಂಡರು ಎಂಬುದನ್ನು ಟಿಕೆಟ್ ಸೇವೆಯೋ ಗೂಗಲ್ ಅನಲಿಟಿಕ್ಸೋ ಬೇರೆ ಬೇರೆಯಾಗಿ ತೋರಿಸುತ್ತದೆ. ಸಣ್ಣಕ್ಷರ ದೊಡ್ಡಕ್ಷರ ಬೆರೆಸಬಾರದು. ಅನಲಿಟಿಕ್ಸ್ `Facebook` ಮತ್ತು `facebook` ಎರಡನ್ನೂ ಬೇರೆ ಬೇರೆ ಎಂದು ಎಣಿಸುತ್ತದೆ. ಇದಕ್ಕಿಂತ ದೊಡ್ಡ ತೊಡಕು ನಮ್ಮವರ ಒಳ್ಳೆಯತನದಿಂದ ಹುಟ್ಟುತ್ತದೆ. ಜಾಹೀರಾತು ನೋಡಿದ ಒಬ್ಬರು ಅದೇ ಕೊಂಡಿಯನ್ನು ನಕಲು ಮಾಡಿ ತಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಬಾಲವೂ ಜೊತೆಗೆ ಹೋಗುತ್ತದೆ. ಆಮೇಲೆ ಆ ಗುಂಪಿನಿಂದ ಬಂದವರೆಲ್ಲ ಫೇಸ್‌ಬುಕ್ಕಿನ ಖಾತೆಗೆ ಜಮೆ. ಒಂದೇ ಗಂಟೆಯಲ್ಲಿ ಒಂದೇ ಪೋಸ್ಟ್‌ಕೋಡಿನಿಂದ ಐದಾರು ಬುಕಿಂಗ್ ಬಂದು, ಆ ಹೊತ್ತಿನಲ್ಲಿ ಜಾಹೀರಾತಿನ ಖರ್ಚು ಅಷ್ಟೇನೂ ಏರಿಲ್ಲದಿದ್ದರೆ ಇದೇ ನಡೆದಿದೆ ಎಂದು ಬಹುತೇಕ ಹೇಳಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಸಂಘವೊಂದು ಮೂರು ವಾರ 300 ಪೌಂಡ್ ಖರ್ಚು ಮಾಡಿತೆಂದುಕೊಳ್ಳಿ. ಫೇಸ್‌ಬುಕ್ಕಿನ ವರದಿ 31 ಖರೀದಿ ಎನ್ನುತ್ತದೆ. ಟಿಕೆಟ್ ಪಟ್ಟಿಯಲ್ಲಿ ಆ ಕೊಂಡಿಯಿಂದ ಬಂದ ಬುಕಿಂಗ್ 18 ಮಾತ್ರ, ಕುರ್ಚಿಗಳು 62. ಈ ಅಂತರದಲ್ಲಿ ಮೋಸವೇನೂ ಇಲ್ಲ. ಜಾಹೀರಾತು ಒತ್ತಿ ಏಳು ದಿನದೊಳಗೆ ಕೊಂಡವರನ್ನೂ, ಬರೀ ಕಣ್ಣಾಡಿಸಿ ಒಂದು ದಿನದೊಳಗೆ ಬೇರೆ ದಾರಿಯಿಂದ ಕೊಂಡವರನ್ನೂ ಫೇಸ್‌ಬುಕ್ ಸಾಮಾನ್ಯವಾಗಿ ತನ್ನವರೆಂದೇ ಎಣಿಸುತ್ತದೆ. ವಿರುದ್ಧ ದಿಕ್ಕಿನ ಕೊರತೆಯೂ ಉಂಟು. ಬ್ರಿಟನ್ನಿನ ಕಾನೂನಿನಂತೆ ಇಂಥ ಗುರುತುಪಟ್ಟಿಗೆ ಓದುಗರ ಒಪ್ಪಿಗೆ ಬೇಕು, ಒಪ್ಪದವರು ಎಣಿಕೆಗೇ ಸಿಗುವುದಿಲ್ಲ. ಗಂಡ ತನ್ನ ಫೋನಿನಲ್ಲಿ ಜಾಹೀರಾತು ನೋಡಿ, ಹೆಂಡತಿ ಲ್ಯಾಪ್‌ಟಾಪಿನಲ್ಲಿ ಟಿಕೆಟ್ ಕೊಂಡರೂ ಅಷ್ಟೇ.

ನಂಬಬೇಕಾದದ್ದು ಟಿಕೆಟ್ ಪಟ್ಟಿಯನ್ನು. ಅದನ್ನೂ ಹಾಗೇ ನಂಬಬಾರದು. 62 ಕುರ್ಚಿಗೆ 300 ಪೌಂಡ್ ಎಂದರೆ ತಲೆಗೆ ಐದು ಪೌಂಡಿನೊಳಗೆ, ಸಮಿತಿ ಚಪ್ಪಾಳೆ ತಟ್ಟುತ್ತದೆ. ಆದರೆ ಆ 18 ಬುಕಿಂಗಿನ ಹೆಸರುಗಳನ್ನು ಸದಸ್ಯರ ಪಟ್ಟಿಯ ಜೊತೆಗೂ ಹೋದ ವರ್ಷದ ಯುಗಾದಿಗೆ ಬಂದವರ ಪಟ್ಟಿಯ ಜೊತೆಗೂ ತಾಳೆ ಹಾಕಿ ನೋಡಿ. ಹನ್ನೊಂದು ಮನೆಯವರು ಹಳಬರು ಎಂದುಕೊಳ್ಳೋಣ. ಅವರಲ್ಲಿ ಕೆಲವರ ಮಕ್ಕಳೇ ವೇದಿಕೆಯಲ್ಲಿ ಕುಣಿಯುವವರು. ಜಾಹೀರಾತು ಇಲ್ಲದಿದ್ದರೂ ಅವರು ಬರುತ್ತಿದ್ದರು, ಕೊಂಡಿ ಕೈಗೆ ಸಿಕ್ಕಿತು, ಒತ್ತಿದರು. ಹೊಸಬರು ಏಳೇ ಬುಕಿಂಗ್, 24 ಕುರ್ಚಿ. ಈಗ ತಲೆಗೆ ಖರ್ಚು ಹನ್ನೆರಡೂವರೆ ಪೌಂಡ್. ದೊಡ್ಡವರ, ಮಕ್ಕಳ ದರ ಸೇರಿ ಸರಾಸರಿ ಟಿಕೆಟ್ 16 ಪೌಂಡ್, ಅದರಲ್ಲಿ ಊಟಕ್ಕೆ 9 ಎಂದರೆ ಉಳಿಯುವುದು ಏಳು. ಹೊಸಬರ ಲೆಕ್ಕದಲ್ಲಿ ಆ ಸಂಜೆಯ ಮಟ್ಟಿಗೆ 132 ಪೌಂಡ್ ಕೈಬಿಟ್ಟಿತು.

ಕೈಬಿಟ್ಟಿತು ಎಂದಮಾತ್ರಕ್ಕೆ ಜಾಹೀರಾತು ನಿಲ್ಲಿಸಬೇಕಿಲ್ಲ, ನನ್ನ ಪ್ರಕಾರ. ಊರಿಗೆ ಹೊಸದಾಗಿ ಬಂದು ಯಾವ ಗುಂಪಿಗೂ ಸೇರದ ಮನೆಗಳನ್ನು ತಲುಪಲು ವಾಟ್ಸಾಪಿನಿಂದಾಗುವುದಿಲ್ಲ, ಆ ಏಳು ಮನೆಯವರಲ್ಲಿ ಇಬ್ಬರು ಸದಸ್ಯರಾದರೂ ಸಂಘಕ್ಕೆ ಲಾಭ. ಬದಲಿಸಬೇಕಾದದ್ದು ಸಮಯವನ್ನು. ಮೊದಲ ಎರಡು ವಾರ ಸದಸ್ಯರಿಗೆ ಮಾತ್ರ, ವಾಟ್ಸಾಪಿನಲ್ಲೇ, ಕಡಿಮೆ ದರದಲ್ಲಿ ಮಾರಿ, ಆ ದರ ಮುಗಿದ ಮರುದಿನ ಜಾಹೀರಾತು ಶುರು ಮಾಡಿದರೆ ಹಳಬರಲ್ಲಿ ಬಹುಪಾಲು ಮೊದಲೇ ಕೊಂಡಿರುತ್ತಾರೆ. ವಾರಕ್ಕೆ ಸುಮಾರು ಐವತ್ತು ಖರೀದಿ ಸಿಗದೆ ಫೇಸ್‌ಬುಕ್ಕಿನ ಯಂತ್ರ ಕೊಳ್ಳುವವರನ್ನು ಗುರುತಿಸಲು ಸರಿಯಾಗಿ ಕಲಿಯುವುದಿಲ್ಲವಾದ್ದರಿಂದ, ಇಷ್ಟು ಸಣ್ಣ ಕಾರ್ಯಕ್ರಮಕ್ಕೆ ‘ಖರೀದಿ’ ಗುರಿಗಿಂತ ‘ಕ್ಲಿಕ್’ ಗುರಿಯೇ ವಾಸಿ. ಬುಕಿಂಗ್ ನಮೂನೆಯಲ್ಲಿ ಕಡ್ಡಾಯವಾಗಿ ಒಂದು ಪ್ರಶ್ನೆ ಇರಲಿ: “ಈ ಕಾರ್ಯಕ್ರಮದ ವಿಷಯ ನಿಮಗೆ ಮೊದಲು ತಿಳಿದದ್ದು ಎಲ್ಲಿಂದ?” ಕೊಂಡಿಯ ಬಾಲ ಒಂದು ಹೇಳಿ, ಜನ ಇನ್ನೊಂದು ಹೇಳಿದರೆ, ಖಜಾಂಚಿಗೆ ಜನ ಹೇಳಿದ್ದನ್ನೇ ತೋರಿಸಿ.